ನಿಂಬೆಹಣ್ಣಿನೊಳಗಿನ ಬೆರಳು

ಎಂಬತ್ತರ ದಶಕದಲ್ಲಿ ಅಮೆರಿಕದ ಯೂನಿಯನ್ ಸಿಟಿಯಲ್ಲಿ ನನ್ನದೊಂದು ಪುಟ್ಟ ಕ್ಲಿನಿಕ್ಕಿತ್ತು. ನಮ್ಮ ಕನ್ನಡಿಗರು ಮಾತ್ರ ಅತ್ತ ತಲೆಹಾಕುತ್ತಿರಲಿಲ್ಲ. ಮನೆಗೊಂದು ಅಡಿಗೆ ತಂದು ಕೂಡಿ ಉಣ್ಣುವ ಶನಿವಾರದ ಪಾಟ್‌ಲಕ್ಕಿನಲ್ಲಿ ಡಾಕ್ಟರು ಪುಕ್ಕಟೆ ಸಿಗುವಾಗ ಅಪಾಯಿಂಟ್‌ಮೆಂಟು ಯಾರಿಗೆ ಬೇಕು? ಕಂಪ್ಯೂಟರಿನ ಚಿಪ್ಪು ರೂಪಿಸುವ ಮಹಾ ಬುದ್ಧಿವಂತರು ಒಂದು ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದು, ಇನ್ನೊಂದರಲ್ಲಿ ಅಂಗಿ ಎತ್ತಿ ಹೊಟ್ಟೆ ತೋರಿಸುತ್ತಿದ್ದರು. ನಾನೇನು ಕಡಿಮೆ? ತಟ್ಟೆ ಕೆಳಗಿಡದೆ ಔಷಧ ಹೇಳುತ್ತಿದ್ದೆ.

ಒಂದು ಶನಿವಾರ ಗೆಳೆಯನೊಬ್ಬನ ತಾಯಿ ನನ್ನ ಬಳಿಗೆ ಬಂದರು. ಮಂಡ್ಯದ ಕಡೆಯವರು, ಇಲ್ಲಿ ನಮ್ಮ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದರು. ಬಲಗೈಯ ತೋರುಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡಿದ್ದರು. ಉಗುರುಸುತ್ತಿಗೆ ನಮ್ಮ ಕಡೆ ಅದೇ ಮದ್ದು.

"ಹೋದ ವಾರ ಉಗುರಿನ ಪಕ್ಕದ ಚರ್ಮ ಕಿತ್ಕೊಂಡೆ ಕಣಪ್ಪ. ಮೊದ್ಲು ಬರೀ ಕೆಂಪಗಿತ್ತು. ಈಗ ಪಟಪಟ ಸಿಡೀತದೆ, ಎರಡು ದಿನದಿಂದ ನಿದ್ದೆ ಇಲ್ಲ," ಎಂದರು.

"ಸ್ವಲ್ಪ ಉಪ್ಪೂ ಹಾಕ್ಬಿಡಿ ಅಮ್ಮ, ಉಪ್ಪಿನಕಾಯಿ ಆಗ್ಲಿ," ಎಂದೆ. ಎಲ್ಲರೂ ನಕ್ಕರು. ಫಾರ್ಮಸಿಗೆ ಫೋನ್ ಮಾಡಿ ಆಂಟಿಬಯಾಟಿಕ್ ಮಾತ್ರೆ ಹೇಳುತ್ತೇನೆ ಎಂದು ಜಾಮೂನಿನ ಕಡೆ ತಿರುಗಿದೆ.

ಉಗುರಿನ ಅಂಚು ಕೆಂಪಾಗಿ, ಊದಿ, ಮುಟ್ಟಿದರೆ ನೋಯುವಷ್ಟೇ ಇದ್ದಾಗ ದಿನಕ್ಕೆ ಮೂರು ನಾಲ್ಕು ಸಲ ಬಿಸಿನೀರಿನಲ್ಲಿ ಅದ್ದಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಸಿಡಿತ ಶುರುವಾಯಿತೆಂದರೆ ಕೀವು ಕೂಡಿದೆಯೇ ಎಂದು ನೋಡಲೇಬೇಕು. ಕೂಡಿದ್ದರೆ ಹೊರಗೆ ಬಿಡಬೇಕು, ಬರೀ ಮಾತ್ರೆಗೆ ಅದು ಜಗ್ಗುವುದಿಲ್ಲ. ಮೆಡಿಕಲ್ ಓದುವ ಹುಡುಗರಿಗೂ ಗೊತ್ತಿರುವ ವಿಷಯ. ಹಣ್ಣು ಎಳೆದು ನೋಡಲು ಎರಡು ಸೆಕೆಂಡು ಸಾಕಿತ್ತು. ಆದರೆ ನನ್ನ ಕೈಯಲ್ಲಿ ತಟ್ಟೆಯಿತ್ತು.

ಬುಧವಾರ ಮಗ ಅವರನ್ನು ಕ್ಲಿನಿಕ್ಕಿಗೇ ಕರೆತಂದ. ಹಣ್ಣು ತೆಗೆದೆ. ಉಗುರಿನ ಪಕ್ಕದಲ್ಲಿ ಹಳದಿ ಕೀವು ಉಬ್ಬಿತ್ತು. ಅಷ್ಟೇ ಆಗಿದ್ದರೆ ಅಂಚಿನ ಚರ್ಮ ಬಿಡಿಸಿ ನಾನೇ ಹೊರಗೆ ಬಿಡುತ್ತಿದ್ದೆ. ಆದರೆ ಬೆರಳ ತುದಿಯ ಮೆತ್ತನೆಯ ಭಾಗವೂ ಕಲ್ಲಿನಂತೆ ಬಿಗಿದುಕೊಂಡಿತ್ತು. ಕೀವು ಒಳಕ್ಕಿಳಿದಿತ್ತು, ಇನ್ನು ತಡವಾದರೆ ಎಲುಬಿಗೇ ಕುತ್ತು. ಕೂಡಲೇ ಕೈಯ ಸರ್ಜನ್ನಿಗೆ ಫೋನ್ ಮಾಡಿದೆ.

ಎಕ್ಸ್‌ರೇಯಲ್ಲಿ ಎಲುಬಿಗೆ ಏನೂ ಆಗಿರಲಿಲ್ಲ. ಸರ್ಜನ್ ಅಂದೇ ಬೆರಳು ಕೊಯ್ದು ಕೀವು ತೆಗೆದರು. ಬೆರಳು ಉಳಿಯಿತು, ತುದಿಯ ಸ್ಪರ್ಶ ಮಾತ್ರ ಮರಳಲಿಲ್ಲ. ಸೂಜಿ ಹಿಡಿದರೆ ಹಿಡಿದದ್ದೇ ತಿಳಿಯದು. ಆ ತಾಯಿಯ ಹೊಲಿಗೆ ಅಲ್ಲಿಗೆ ನಿಂತಿತು.

ಮುಂದಿನ ಪಾಟ್‌ಲಕ್ಕಿನಲ್ಲಿ ಅವರು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು: "ನಮ್ಮೋರೇ ಒಬ್ರು ಡಾಕ್ಟ್ರು ಇದ್ದುದ್ಕೆ ಬೆರಳು ಉಳ್ಕೊಂತು ಕಣವ್ವ." ಎಲ್ಲರೂ ನನ್ನತ್ತ ತಿರುಗಿ ಮೆಚ್ಚಿ ತಲೆದೂಗಿದರು.

ನಾನು ತಟ್ಟೆ ಹಿಡಿದು ಇನ್ನೊಂದು ಸಲ ಬಡಿಸಿಕೊಳ್ಳಲು ಎದ್ದು ಹೋದೆ.