ಬಂಗುಡೆ ಹಿಡಿದ ಬಾಯ್ಲರ್ ಪರೀಕ್ಷೆ

ಆಗ ನಾನು ಮಣಿಪಾಲ ದಾಟಿ ಹಿರಿಯಡ್ಕದ ಕಡೆ ಹೋಗುವ ರಸ್ತೆಯ ಒಂದು ಕುಚ್ಚಲಕ್ಕಿ ಮಿಲ್ಲಿನಲ್ಲಿ ಬಾಯ್ಲರಿಗೆ ಸೌದೆ ಹಾಕುತ್ತಿದ್ದೆ. ಬಾಯ್ಲರಿನ ಹೊಣೆ ಹೊತ್ತುಕೊಳ್ಳಬೇಕಾದರೆ ಸರಕಾರದ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟು ಪಡೆಯಬೇಕು. ಬಾಯಿಮಾತಿನ ಪರೀಕ್ಷೆ, ಮಂಗಳೂರಿನಲ್ಲಿ. ನನ್ನ ಸರ್ವೀಸಿನ ಪತ್ರ, ಫೋಟೋ ಎಲ್ಲ ಕಳಿಸಿ ಆಗಿತ್ತು. ಓದುವುದೊಂದು ಬಾಕಿ.

ಭತ್ತದ ಹಂಗಾಮಿನಲ್ಲಿ ಮಿಲ್ಲಿಗೆ ಮೂರು ಪಾಳಿ. ಒಂದು ವಾರ ಬೆಳಗು, ಒಂದು ವಾರ ಮಧ್ಯಾಹ್ನ, ಒಂದು ವಾರ ರಾತ್ರಿ. ನಾನು ಕೆಂಪು, ನೀಲಿ ಪೆನ್ಸಿಲಿನಲ್ಲಿ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದೆ. ನೀಲಿ ಅಂದರೆ ನಿದ್ದೆ, ಕೆಂಪು ಅಂದರೆ ಓದು. ಮೂರೇ ದಿನಕ್ಕೆ ಅದು ಕೆಟ್ಟಿತು. ನನ್ನ ನಂತರದ ಪಾಳಿಯವನು ಕಾಪುವಿನವನು. ಕಡಲಿಗೆ ಬಂಗುಡೆ ಮೀನು ಬಂತೆಂದರೆ ರಂಪಣಿ ಬಲೆ ಎಳೆಯಲು ಓಡುತ್ತಿದ್ದ. ಬೆಂಕಿ ಉರಿಯುವ ಬಾಯ್ಲರನ್ನು ಬಿಟ್ಟು ಹೊರಡುವಂತಿಲ್ಲ. ಅವನು ಬಾರದ ದಿನ ಅವನ ಪಾಳಿಯೂ ನನ್ನದೇ. ಮಿಲ್ಲಿನಲ್ಲಿ ಓದೋಣವೆಂದರೆ ಪುಸ್ತಕ ತೆರೆಯುವಂತಿಲ್ಲ.

"ಕಣ್ಣು ಗಾಜಿನ ಮೇಲೆ ಇರ್ಲಿ, ಪುಸ್ತಕದ ಮೇಲಲ್ಲ," ಎನ್ನುತ್ತಿದ್ದರು ಹಿರಿಯ ಅಟೆಂಡೆಂಟರು. ಬಾಯ್ಲರಿನೊಳಗೆ ನೀರು ಎಷ್ಟಿದೆಯೆಂದು ತೋರಿಸುವ ಗಾಜಿನ ಕೊಳವೆ ಅದು.

ಕೊನೆಗೆ ಉಪಾಯ ಹೊಳೆದದ್ದು ನನ್ನ ಹೆಂಡತಿಗೆ. ನಮ್ಮದು ಶಂಕರಪುರ. ಅವಳು ಬೆಳಿಗ್ಗೆ ಮಲ್ಲಿಗೆ ಕಟ್ಟುತ್ತಾ ಕೂತಿರುವಾಗ ಮೀನಿನ ಹೆಂಗಸು ಬರುತ್ತಿದ್ದಳು.

"ನೀವು ಮೀನಿನವಳನ್ನೇ ಕೇಳಿ. ಕಾಪುವಿನಲ್ಲಿ ಬಂಗುಡೆ ಉಂಟಾದರೆ ಅವನು ಬರುವುದಿಲ್ಲ. ಇಲ್ಲವಾದರೆ ಬರ್ತಾನೆ."

ಮರುದಿನದಿಂದ ನಾನು ದಿನವೂ ಬುಟ್ಟಿ ಇಣುಕಿ ನೋಡಿ ಟೈಮ್‌ಟೇಬಲ್ ತಿದ್ದತೊಡಗಿದೆ. ಬುಟ್ಟಿ ತುಂಬ ಬಂಗುಡೆಯಿದ್ದರೆ ಈಗಲೇ ಓದು. ಬರೀ ಒಣಮೀನಾದರೆ ಪಾಳಿ ಮುಗಿಸಿ ಬಂದು ಓದು. ಬಂಗುಡೆ ಕಂಡು ಮುಖ ಸಣ್ಣದು ಮಾಡುವ ಗಿರಾಕಿ ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು.

"ಎಂತ ಅಣ್ಣ, ನನ್ನ ಮೀನು ಹಾಳಾಗಿ ಉಂಟಾ?" ಎಂದು ಅವಳಿಗೆ ಸಿಟ್ಟು.

ಹೆಂಡತಿ ಹೂ ಕಟ್ಟುತ್ತಲೇ ನನ್ನ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ಎಚ್ಚರವಿದ್ದಾಗ ನಾನು ತಡವರಿಸುತ್ತಿದ್ದೆ. ಒಮ್ಮೆ ಮಧ್ಯಾಹ್ನ ಗೊರಕೆ ಹೊಡೆಯುತ್ತಿದ್ದವನ ಕಿವಿಯಲ್ಲಿ ಅವಳು ತಮಾಷೆಗೆ, "ಸೇಫ್ಟಿ ವಾಲ್ವ್ ಯಾತಕ್ಕೆ?" ಎಂದಳಂತೆ. "ಒತ್ತಡ ಮಿತಿ ಮೀರಿದರೆ ಹಬೆ ಹೊರಗೆ ಬಿಡಲಿಕ್ಕೆ," ಎಂದು ನಾನು ಗೊರಕೆ ಮುಂದುವರಿಸಿದೆನಂತೆ. ಅಂದಿನಿಂದ ಅವಳು ಪಾಠ ಕೇಳಲು ನನ್ನನ್ನು ಎಬ್ಬಿಸುವ ಕಷ್ಟವನ್ನೇ ತೆಗೆದುಕೊಳ್ಳಲಿಲ್ಲ.

ಪರೀಕ್ಷೆಯ ಹಿಂದಿನ ದಿನ ನನಗೆ ಬೆಳಗಿನ ಪಾಳಿ. ಮೀನಿನವಳು ಹಿಂದಿನ ಸಂಜೆಯೇ, "ನಾಲ್ಕು ದಿನದಿಂದ ಕಡಲು ಖಾಲಿ," ಎಂದಿದ್ದಳು. ಎರಡು ಗಂಟೆಗೆ ಬಿಡುಗಡೆ, ಮೂರಕ್ಕೆ ಮನೆ, ಎಂಟಕ್ಕೆ ನಿದ್ದೆ ಎಂದು ಹಿಗ್ಗಿದ್ದೆ. ಎರಡಾಯಿತು, ನಾಲ್ಕಾಯಿತು, ಆಸಾಮಿಯ ಸುಳಿವಿಲ್ಲ. ಮೀನು ಸಿಗದ ಬೇಸರಕ್ಕೆ ಮನೆಯಲ್ಲಿ ಚಾಪೆ ಹಾಸಿ ಮಲಗಿದ್ದನೆಂದು ಆಮೇಲೆ ತಿಳಿಯಿತು. ಅವನ ಪಾಳಿಯೂ ಮುಗಿಯುವಾಗ ರಾತ್ರಿ ಹತ್ತು, ಬಸ್ಸಿಲ್ಲ. ಸೌದೆ ರಾಶಿಗೆ ಒರಗಿ ಬೆಳಗು ಮಾಡಿ, ಉಡುಪಿಗೆ ಹೋಗಿ ಮಂಗಳೂರಿನ ಎಕ್ಸ್‌ಪ್ರೆಸ್ ಹತ್ತಿದೆ.

ಪರೀಕ್ಷೆಯ ಕಚೇರಿಯ ಜಗಲಿಯಲ್ಲಿ ಬೆಂಚಿನ ಮೇಲೆ ಕೂತದ್ದು ನೆನಪಿದೆ. ನನ್ನ ಹೆಸರು ಮೂರು ಸಲ ಕರೆದರಂತೆ. ಜವಾನ ಭುಜ ಅಲುಗಿಸಿದರೂ ನಾನು ಏಳಲಿಲ್ಲ. ಅವನು ಹೂಜಿಯಿಂದ ನೀರು ತಂದು ಮುಖಕ್ಕೆ ಚಿಮುಕಿಸಿದ.

"ಅಯ್ಯೋ, ನೀರು ಹಾಕಬೇಡಿ!" ಎಂದು ಕೂಗಿದೆ, ಕಣ್ಣು ಮುಚ್ಚಿಯೇ.

ಬಾಗಿಲಲ್ಲಿ ನಿಂತಿದ್ದ ಪರೀಕ್ಷಕರು, "ಯಾಕೆ ಹಾಕಬಾರದು?" ಎಂದರು.

"ಗಾಜಿನಲ್ಲಿ ನೀರು ಕಾಣುವುದಿಲ್ಲ. ಮೊದಲು ಗಾಜಿನ ಕೊಳವೆ ಕಟ್ಟಿಕೊಂಡಿದೆಯಾ ಅಂತ ನೋಡಬೇಕು. ನಿಜವಾಗಿ ನೀರು ಇಳಿದಿದ್ದರೆ ಒಳಗಿನ ಕಬ್ಬಿಣದ ತಗಡು ಕೆಂಪಗೆ ಕಾದಿರ್ತದೆ. ತಣ್ಣೀರು ಬಿಟ್ಟರೆ ಬಾಯ್ಲರ್ ಒಡೀತದೆ. ಬೆಂಕಿ ಕೆಡಿಸಿ, ತಣಿಯಲು ಬಿಟ್ಟು, ಮೇಲಿನವರಿಗೆ ಹೇಳಬೇಕು."

ಕಣ್ಣು ಬಿಟ್ಟಾಗ ಎದುರಿಗೆ ಕೋಟು ಹಾಕಿದ ವ್ಯಕ್ತಿ. ಹೂಜಿ ಹಿಡಿದ ಜವಾನ ಕಲ್ಲಿನಂತೆ ನಿಂತಿದ್ದ.

"ಇದೇ ನನ್ನ ಮೊದಲ ಪ್ರಶ್ನೆಯಾಗಿತ್ತು," ಎಂದರು ಪರೀಕ್ಷಕರು. "ಒಳಗೆ ಬನ್ನಿ. ಉಳಿದ ಪ್ರಶ್ನೆಗಳಿಗೆ ಎಚ್ಚರವಾಗಿದ್ದು ಉತ್ತರ ಕೊಡ್ತೀರಾ?"

"ಪ್ರಯತ್ನ ಮಾಡ್ತೇನೆ ಸರ್," ಎಂದೆ. ಎಚ್ಚರದಲ್ಲಿ ನಾನು ಹೇಳಿದ್ದು ಅಷ್ಟೇನೂ ಚೆನ್ನಾಗಿರಲಿಲ್ಲ. ಬಾಯ್ಲರಿಗೆ ನೀರು ತಳ್ಳುವ ಇಂಜೆಕ್ಟರಿನ ಬಗ್ಗೆ ಕೇಳಿದಾಗ ಎರಡು ಸಲ ತಪ್ಪಿ ಮೂರನೆಯ ಸಲ ಸರಿ ಹೇಳಿದೆ. ಅವರು ನಗು ತಡೆಯುತ್ತಿದ್ದರೋ ಕೆಮ್ಮುತ್ತಿದ್ದರೋ ಗೊತ್ತಾಗಲಿಲ್ಲ.

ಸರ್ಟಿಫಿಕೇಟು ಬಂದ ದಿನ ಹಿರಿಯ ಅಟೆಂಡೆಂಟರು ಕೈಕುಲುಕಿ, "ಇನ್ನು ಬಾಯ್ಲರ್ ನಿನ್ನದು ಮಾರಾಯ," ಎಂದು ಮರುವಾರದ ಪಾಳಿಪಟ್ಟಿ ಕೊಟ್ಟರು. ನನಗೆ ರಾತ್ರಿ ಪಾಳಿ ಹಾಕಿದ್ದರು.