ಸುತ್ತಿಟ್ಟ ವೈರು

ಶಿಡ್ಲಘಟ್ಟದಲ್ಲಿ ನಾನಿದ್ದ ಬಾಡಿಗೆ ಕೋಣೆಯ ಕಿಟಕಿ ಯಾವ ದಿಕ್ಕಿಗಿತ್ತು ಎಂಬುದು ಈಗ ನೆನಪಿಗೆ ಬರುವುದಿಲ್ಲ. ಬೆಳಿಗ್ಗೆ ಬಿಸಿಲು ಬರುತ್ತಿತ್ತು ಎಂದು ಒಮ್ಮೆ ಅನಿಸುತ್ತದೆ, ಸಂಜೆ ಎಂದು ಇನ್ನೊಮ್ಮೆ. ರೇಷ್ಮೆ ಗೂಡು ಬೇಯಿಸುವ ವಾಸನೆ ಮಾತ್ರ ಖಂಡಿತ ಬರುತ್ತಿತ್ತು. ತೊಂಬತ್ತರ ದಶಕದ ನಡುವಿನ ಕಾಲ. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿ, ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಅರೆಕಾಲಿಕ ಪಾಠ ಹೇಳುತ್ತಿದ್ದೆ. ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದ ಮೇಲೆ ಮಾರನೆಯ ಬೆಳಿಗ್ಗೆಯವರೆಗೆ ನನ್ನ ಬಾಯಿಂದ ಒಂದು ಮಾತೂ ಹೊರಡದ ದಿನಗಳಿದ್ದವು. ಬಸ್ಸಿನಲ್ಲಿ 'ಶಿಡ್ಲಘಟ್ಟ ಒಂದು' ಎಂದದ್ದೇ ಆ ದಿನದ ಕೊನೆಯ ಮಾತು.

ಆ ಮೌನಕ್ಕೆ ಒಂದೇ ಒಂದು ಬಿಡುವು ಕೇಬಲ್ ಆಫೀಸು. ಅದನ್ನು ನಡೆಸುತ್ತಿದ್ದವರನ್ನು ಊರೆಲ್ಲ 'ಅಕ್ಕ' ಎನ್ನುತ್ತಿತ್ತು, ನಾನೂ ಹಾಗೆಯೇ ಕರೆಯುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಅವರು ರೇಷ್ಮೆ ನೂಲು ಬಿಚ್ಚುವ ಘಟಕವನ್ನು ಮುಚ್ಚಿ, ಅದರ ಮಹಡಿಯ ಮೇಲೆ ಡಿಶ್ ಆ್ಯಂಟೆನಾ ನಿಲ್ಲಿಸಿ, ಕೇಬಲ್ ಟೀವಿ ಶುರು ಮಾಡಿದ್ದರು. ಕೆಳಗಿನ ಕೋಣೆಯಲ್ಲಿ ಸಾಲಾಗಿ ಸಣ್ಣ ಟೀವಿಗಳು, ಒಂದೊಂದರಲ್ಲಿ ಒಂದೊಂದು ಚಾನೆಲ್, ಯಾವುದಕ್ಕೂ ಶಬ್ದವಿಲ್ಲ. ಅಷ್ಟು ಮುಖಗಳು ಬಾಯಿ ಆಡಿಸುತ್ತಿದ್ದ ಆ ಕೋಣೆಯಲ್ಲಿ ಕೂತು ನಾನು ವಾರಕ್ಕೆ ಮೂರು ಸಂಜೆ ಲೆಕ್ಕ ಬರೆಯುತ್ತಿದ್ದೆ. ಅಕ್ಕ ಒಳಗಿನಿಂದ ಮುದ್ದೆ, ಹುರುಳಿ ಸಾರು ತಂದಿಡುತ್ತಿದ್ದರು. ಇನ್ನೊಬ್ಬರ ಎದುರು ಕೂತು ಉಣ್ಣುತ್ತಿದ್ದದ್ದು ಆ ಮೂರು ಸಂಜೆ ಮಾತ್ರ.

ಒಂದು ಬೇಸಿಗೆಯ ಶುರುವಿನಲ್ಲಿ ಅವರು ನನ್ನ ಎದುರು ಕೂತು, 'ಮೇಷ್ಟ್ರೇ, ಚಿಕ್ಕಬಳ್ಳಾಪುರದೋರು ಬಂದಿದ್ರು. ಪೂರಾ ಲೈನು ಕೊಂಡ್ಕೊಳ್ತಾರಂತೆ' ಎಂದರು.

ಚಿಕ್ಕಬಳ್ಳಾಪುರದ ದೊಡ್ಡ ಕೇಬಲ್ ಸಂಸ್ಥೆಯೊಂದು ಸುತ್ತಲಿನ ಊರುಗಳ ಸಣ್ಣ ಲೈನುಗಳನ್ನು ಒಂದೊಂದಾಗಿ ಕೊಳ್ಳುತ್ತಿತ್ತು. ಮುಂದಿನ ಮೂರು ತಿಂಗಳಲ್ಲಿ, ಅಂದರೆ ಏಪ್ರಿಲ್‌ನಿಂದ ಜೂನ್‌ವರೆಗೆ, ಚಂದಾ ಎಷ್ಟು ಬರಬಹುದೋ ಆ ಅಂದಾಜಿನ ಮೇಲೆ ಅವರು ಬೆಲೆ ಕಟ್ಟುತ್ತಿದ್ದರು.

'ಮೂರು ತಿಂಗಳ ವಸೂಲಿ ಒಂದೂವರೆ ಲಕ್ಷ ದಾಟೋ ಹಾಗಿದ್ರೆ ಕೊಟ್ಬಿಡ್ತೀನಿ' ಎಂದರು ಅಕ್ಕ. 'ಗೌರಿಬಿದನೂರಲ್ಲಿ ನಮ್ಮ ತಂಗಿ ಮನೆ ಪಕ್ಕ ಒಂದು ಮನೆ ಖಾಲಿ ಐತೆ. ಅದಕ್ಕಿಂತ ಕಮ್ಮಿ ಅಂದ್ರೆ ಅವರು ಕೇಳೋದು ನೀರಿನ ಬೆಲೆ. ಅಷ್ಟಕ್ಕೆ ಕೊಡಲ್ಲ, ಇಲ್ಲೇ ಬಿದ್ದಿರ್ತೀನಿ.'

'ಇಲ್ಲಿ ಏನು ಕಷ್ಟ ಅಕ್ಕ?'

'ಕಷ್ಟ ಏನಿಲ್ಲಪ್ಪ. ಊರೆಲ್ಲಾ ಅಕ್ಕ ಅಕ್ಕ ಅಂತ ಕರೀತಾರೆ. ಕರೆಯೋದು ಮಾತ್ರ ಪಿಕ್ಚರ್ ಬರ್ತಿಲ್ಲ ಅಂತ.' ಅವರು ನಕ್ಕರು. 'ಯುಗಾದಿಗೆ ಮುಂಚೆ ಹೇಳ್ಬೇಕು. ಅಂದಾಜು ನೀವೇ ಹಾಕಿ. ಜ್ಯೋತಿಷ್ಯ ಬೇಡ ಮತ್ತೆ.'

ಲೆಕ್ಕದ ದಾರಿ ಸರಳವಾಗಿತ್ತು. ಆಗ ತಿಂಗಳಿಗೆ ವಸೂಲಾಗುತ್ತಿದ್ದದ್ದು ಸುಮಾರು ನಲವತ್ತೆಂಟು ಸಾವಿರ, ಎಂಟುನೂರು ಮನೆಗಳಿಂದ, ಮನೆಗೆ ಅರವತ್ತು. ಅದನ್ನು ಮೂರರಿಂದ ಗುಣಿಸಿದರೆ ಉತ್ತರ ಬರುವುದಿಲ್ಲ. ಯಾಕೆಂದರೆ ಪ್ರತಿ ತಿಂಗಳು ಕೆಲವರು ಬಿಡುತ್ತಾರೆ, ಕೆಲವರು ಹೊಸದಾಗಿ ಸೇರುತ್ತಾರೆ, ಇದ್ದವರಲ್ಲೇ ಕೆಲವರು ಎರಡನೇ ಟೀವಿಗೆ ಪಾಯಿಂಟ್ ಹಾಕಿಸಿಕೊಂಡು ಹೆಚ್ಚು ಕೊಡುತ್ತಾರೆ. ಹಿಂದಿನ ಮೂರು ತಿಂಗಳನ್ನು ನೋಡಿದೆ. ಬಿಟ್ಟವರು ತಿಂಗಳಿಗೆ ನೂರಕ್ಕೆ ಐದು. ಹೊಸಬರು ಎರಡು. ಎರಡನೇ ಪಾಯಿಂಟಿನಿಂದ ಹೆಚ್ಚಿದ ಹಣ ನೂರಕ್ಕೆ ಒಂದು. ಅಂದರೆ ಪ್ರತಿ ತಿಂಗಳು ನೂರಕ್ಕೆ ಎರಡು ಇಳಿತ, ಮತ್ತು ಆ ಇಳಿತ ಹಿಂದಿನ ತಿಂಗಳು ಉಳಿದದ್ದರ ಮೇಲೆ. ನಲವತ್ತೇಳು ಸಾವಿರ, ನಲವತ್ತಾರು, ನಲವತ್ತೈದು. ಮೂರೂ ಕೂಡಿದರೆ ಒಂದು ಲಕ್ಷ ಮೂವತ್ತೆಂಟು ಸಾವಿರದ ಚಿಲ್ಲರೆ.

ಒಂದೂವರೆ ಲಕ್ಷಕ್ಕೆ ದೂರ. ಅಕ್ಕ ಹೋಗುವುದಿಲ್ಲ.

ಆಗ ನನಗೆ ಏನನಿಸಿತು ಎಂದು ಬರೆಯುವಾಗ ಕೈ ತಡೆಯುತ್ತದೆ. ಸಮಾಧಾನವಾಯಿತು ಎಂದು ನೆನಪು. ಆದರೆ ಅದು ಆಗ ಆದದ್ದೋ, ಆಮೇಲಿನ ವರ್ಷಗಳಲ್ಲಿ ನಾನು ಸೇರಿಸಿಕೊಂಡದ್ದೋ, ಹೇಳಲಾರೆ. ಉತ್ತರ ನನಗೆ ಅನುಕೂಲವಾಗಿತ್ತು ಎಂಬುದಂತೂ ನಿಜ. ಅನುಕೂಲವಾದ ಉತ್ತರವನ್ನು ಎರಡು ಸಲ ನೋಡು ಎಂದು ಓದುವಾಗ ಕಲಿತಿದ್ದೆ. ನೂರಕ್ಕೆ ಐದು ಮಂದಿ ಬಿಡುವುದು ಜಾಸ್ತಿಯಾಯಿತು ಅನಿಸುತ್ತಿತ್ತು. ಹಾಗೆ ಬಿಡುತ್ತಾ ಹೋಗಿದ್ದರೆ ಎಂಟುನೂರು ಮನೆ ಉಳಿದದ್ದಾದರೂ ಹೇಗೆ?

ಮನೆಮನೆಗೆ ವೈರು ಎಳೆಯುತ್ತಿದ್ದ ಲೈನ್‌ಮನ್‌ನನ್ನು ಕೇಳಿದೆ. 'ಕಟ್ ಅಂದ್ರೆ ಕಟ್ ಸಾರ್' ಎಂದ. 'ಅವರು ಬೇಡ ಅಂದ್ರು, ನಾನು ಕಟ್ ಮಾಡ್ದೆ, ಕಟ್ ಅಂತ ಬರ್ದೆ. ಇದರಲ್ಲಿ ಡೌಟೇನು? ನಿಮಗೆ ಊಟದಲ್ಲೂ ಡೌಟು.'

ಕಾಲೇಜಿಗೆ ರಜೆಯಿದ್ದ ಒಂದು ದಿನ, ಬಿಟ್ಟವರ ಮನೆಗಳನ್ನು ಹುಡುಕಿಕೊಂಡು ಹೊರಟೆ. ಮೊದಲು ಹೋದದ್ದು ಗೂಡಿನ ಮಾರುಕಟ್ಟೆಯ ಹಿಂದಿನ ಓಣಿಗೆ. ಒಂದು ಮನೆಯ ಸೂರಿನ ಕೆಳಗೆ ಮೊಳೆಗೆ ಕೇಬಲ್ ವೈರನ್ನು ಚಕ್ಕುಲಿಯ ಹಾಗೆ ಸುತ್ತಿ, ತುದಿಗೆ ಪ್ಲಾಸ್ಟಿಕ್ ಕಟ್ಟಿ, ನೇತು ಹಾಕಿದ್ದರು. ಒಳಗಿನಿಂದ ಒಬ್ಬ ಹೆಂಗಸು ಬಂದು, 'ಎವರು ಕಾವಾಲಪ್ಪ?' ಎಂದು ತೆಲುಗಿನಲ್ಲಿ ಯಾರು ಬೇಕೆಂದು ಕೇಳಿದರು.

ಕೇಬಲ್ ಆಫೀಸಿನಿಂದ ಬಂದೆ ಎಂದೆ. ಯಾಕೆ ಕಟ್ ಮಾಡಿಸಿದಿರಿ, ಪಿಕ್ಚರ್ ಸರಿ ಬರುತ್ತಿರಲಿಲ್ಲವೇ ಎಂದು ಕೇಳಿದೆ.

'ಅಯ್ಯೋ, ಕಟ್ ಯಾರು ಮಾಡಿಸಿದ್ರು? ಸುತ್ತಿಡಿಸಿದ್ದು ಕಣಪ್ಪ!' ಎಂದರು ಅವರು ಕನ್ನಡದಲ್ಲಿ. 'ಹುಡುಗೀದು ಎಸ್ಸೆಲ್ಸಿ. ಟೀವಿ ಇದ್ರೆ ಪುಸ್ತಕ ಮುಟ್ತಾಳಾ? ಪರೀಕ್ಷೆ ಮುಗೀಲಿ, ನಾನೇ ಹೇಳಿ ಕಳಿಸ್ತೀನಿ.'

'ಪ್ಲಗ್ ಕಿತ್ತಿಟ್ಟರೆ ಸಾಕಾಗಿತ್ತಲ್ಲಮ್ಮ?'

'ಹುಡುಗಿ ಮಾತು ಕೇಳ್ತಾಳೆ. ಇವರಪ್ಪ ಕೇಳಲ್ಲ. ಹೋದ ವರ್ಷ ದೊಡ್ಡೋನ ಪರೀಕ್ಷೇಲಿ ಕಳ್ಳನ ಹಾಗೆ ವೈರ್ ಚುಚ್ಕೊಂಡು ಕ್ರಿಕೆಟ್ ನೋಡಿದ್ರು. ಅದಕ್ಕೇ ಏಣಿ ಇಲ್ದೆ ಎಟುಕಬಾರದು ಅಂತ ಅಷ್ಟು ಮೇಲೆ ಹಾಕ್ಸಿದೀನಿ.'

ಒಳಗಿನಿಂದ ಗಂಡಸಿನ ದನಿ, 'ಬೀದಿಗೆಲ್ಲಾ ಹೇಳೇ, ಪುಣ್ಯ ಬರುತ್ತೆ' ಎಂದಿತು.

ಅಲ್ಲಿಂದ ಮುಂದೆ ನಾನು ಮನೆಗಳ ಬಾಗಿಲು ತಟ್ಟುವುದಕ್ಕಿಂತ ಸೂರು ನೋಡುತ್ತಾ ನಡೆದೆ. ಊರು ಬಿಟ್ಟವರ, ನಿಜವಾಗಿ ಬೇಡವೆಂದವರ ಮನೆಗಳಲ್ಲಿ ವೈರೇ ಇರಲಿಲ್ಲ. ವೈರು ಅಕ್ಕನದು, ಲೈನ್‌ಮನ್ ಬಿಚ್ಚಿಕೊಂಡು ಹೋಗಿ ಇನ್ನೊಂದು ಮನೆಗೆ ಎಳೆಯುತ್ತಿದ್ದ. ಪರೀಕ್ಷೆಯ ಮನೆಗಳಲ್ಲಿ ಅದು ಸುತ್ತಿಕೊಂಡು ಕೂತಿತ್ತು. ಊರಿನ ಬಾಯಲ್ಲಿ ಎರಡು ಮಾತಿದ್ದವು, ಬಿಚ್ಚಿಸುವುದು ಮತ್ತು ಸುತ್ತಿಡಿಸುವುದು. ಆಫೀಸಿನಲ್ಲಿ ಎರಡಕ್ಕೂ ಒಂದೇ ಮಾತು, ಕಟ್. ತಲೆಯೆತ್ತಿ ಸೂರು ನೋಡುತ್ತಾ ಓಡಾಡುವವನನ್ನು ಕಂಡು ಒಬ್ಬ ಮುದುಕ, 'ಏನಪ್ಪಾ, ಹಲ್ಲಿ ಹಿಡೀತೀಯಾ?' ಎಂದ. ಆ ದಿನ ನನ್ನೊಡನೆ ಎಷ್ಟೊಂದು ಜನ ಮಾತಾಡಿದರು.

ಲೆಕ್ಕ ಬೇರೆಯಾಯಿತು. ಬಿಟ್ಟವರೆಂದು ಬರೆದಿದ್ದ ಐದರಲ್ಲಿ ಮೂರು ಸುತ್ತಿಟ್ಟವು. ನಿಜವಾಗಿ ಬಿಟ್ಟವರು ನೂರಕ್ಕೆ ಎರಡು ಮಾತ್ರ. ಪರೀಕ್ಷೆ ಮುಗಿದ ಮೇಲೆ ಹೊಸದಾಗಿ ಯಾರೂ ಸುತ್ತಿಡಿಸುವುದಿಲ್ಲ. ಹೊಸಬರು ಎರಡು, ಎರಡನೇ ಪಾಯಿಂಟ್ ಒಂದು. ಅಂದರೆ ಇಳಿತವಲ್ಲ, ತಿಂಗಳಿಗೆ ನೂರಕ್ಕೆ ಒಂದು ಏರಿಕೆ. ಮೂರು ತಿಂಗಳಿಗೆ ಒಂದು ಲಕ್ಷ ನಲವತ್ತೇಳು ಸಾವಿರ. ಅದರ ಮೇಲೆ ವಾಪಸು ಬರುವವರು. ಹಿಂದಿನ ಮೂರು ತಿಂಗಳಲ್ಲಿ ಸುತ್ತಿಡಿಸಿದ ಎಪ್ಪತ್ತೆರಡು ಮನೆಗಳಲ್ಲಿ ಅರವತ್ತು ಬಂದಾವು ಎಂದುಕೊಂಡೆ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಯುವ ತನಕ ಬಾರದ್ದರಿಂದ ಆ ತಿಂಗಳಿಗೆ ಅರ್ಧ ಮಾತ್ರ ಹಿಡಿದು, ಮೂರು ತಿಂಗಳಿಗೆ ಒಂಬತ್ತು ಸಾವಿರ. ಇವರನ್ನು ಹೊಸಬರ ಜೊತೆ ಸೇರಿಸಬಾರದು. ಸೇರಿಸಿದರೆ ಏಪ್ರಿಲ್‌ನಲ್ಲಿ ಊರಿಗೆ ಊರೇ ಕೇಬಲ್ ಹಾಕಿಸಿಕೊಂಡಂತೆ ಕಂಡು, ಅದೇ ವೇಗ ಜೂನ್‌ವರೆಗೂ ಇರುತ್ತದೆಂದು ಮೋಸ ಹೋಗುತ್ತೇವೆ. ಒಟ್ಟು ಒಂದು ಲಕ್ಷ ಐವತ್ತೈದು ಸಾವಿರದ ಮೇಲೆ. ಅರವತ್ತು ಮನೆಗೆ ಬದಲು ಮೂವತ್ತೇ ಬಂದರೂ ಒಂದೂವರೆ ಲಕ್ಷ ದಾಟುತ್ತಿತ್ತು.

ಮಾರನೆಯ ಸಂಜೆಯೇ ಹೇಳಿದೆ ಎಂದುಕೊಂಡಿದ್ದೇನೆ. ಒಂದೆರಡು ದಿನ ತಡವಾಗಿದ್ದರೂ ಇರಬಹುದು. ಶಬ್ದವಿಲ್ಲದ ಟೀವಿಗಳ ಮುಂದೆ ಅಕ್ಕ ಕೈಕಟ್ಟಿಕೊಂಡು ಕೇಳಿದರು.

'ಇದು ಬರೋ ದುಡ್ಡೋ, ಬರಬೇಕಾದ ದುಡ್ಡೋ?'

'ಬರೋದು ಅಕ್ಕ. ವಸೂಲಾದದ್ದರ ಮೇಲೇ ಹಾಕಿದೀನಿ. ಬಾಕಿ ಹಿಡಿದಿಲ್ಲ.'

'ಸುತ್ತಿಟ್ಟೋರು ಬರ್ದೇ ಹೋದ್ರೆ?'

'ಅರ್ಧ ಜನ ಬಂದರೂ ದಾಟುತ್ತೆ. ಬಂದೋರು ಇಪ್ಪತ್ತು ಮನೆಯೂ ದಾಟದಿದ್ರೆ ಮಾತ್ರ ಇಲ್ಲ.'

'ಹಂಗಾದ್ರೆ ಹೋಗಣ ಅಂತೀರಾ' ಎಂದರು. ಅದು ಪ್ರಶ್ನೆಯೋ ಅಲ್ಲವೋ ನನಗೆ ಗೊತ್ತಾಗಲಿಲ್ಲ. ಲೆಕ್ಕ ಹಾಗೆ ಹೇಳುತ್ತೆ ಅಂದೆ. ಅವರು ಎದ್ದು ಹೋಗಿ ಊಟ ತಂದಿಟ್ಟು, 'ಲೆಕ್ಕ ಹೇಳೋದು ಸರಿ ಮೇಷ್ಟ್ರೇ, ನೀವು ನೆಟ್ಟಗೆ ಉಣ್ಣಿ' ಎಂದರು.

ಕೊಳ್ಳುವವರ ಕಡೆಯ ಲೆಕ್ಕಿಗ ಮೊದಲು ಒಪ್ಪಲಿಲ್ಲ. ಅವನಿಗೂ ನೂರಕ್ಕೆ ಐದು ಕಟ್ ಆದದ್ದೇ ಕಾಣುತ್ತಿತ್ತು. ಅವನನ್ನು ನಾಲ್ಕು ಓಣಿ ನಡೆಸಿ ಸೂರುಗಳನ್ನು ತೋರಿಸಿದೆ. ನಡೆಯುತ್ತಾ ನಡೆಯುತ್ತಾ ಅವನು, 'ನಮ್ಮ ಮನೇಲೂ ಹಿಂಗೇ ಮಾಡವ್ರೆ ಸಾರ್' ಎಂದು ನಕ್ಕ. ಬೆಲೆ ಅಕ್ಕ ಕೇಳಿದಷ್ಟಕ್ಕೆ ಕುದುರಿತು.

ಯುಗಾದಿಯ ಹೋಳಿಗೆಯನ್ನು ಆ ಮನೆಯಲ್ಲೇ ತಿಂದೆ. ಆಮೇಲೆ ಒಂದು ಲಾರಿ ಬಂತು. ಸಣ್ಣ ಟೀವಿಗಳನ್ನು ಚಿಕ್ಕಬಳ್ಳಾಪುರಕ್ಕೆ ಒಯ್ದರು, ಪಾತ್ರೆ ಪಡಗ ಗೌರಿಬಿದನೂರಿಗೆ ಹೋಯಿತು. ಅಕ್ಕ, 'ರೈಲಿಗೆ ಬಂದ್ರೆ ಸ್ಟೇಷನ್ನಿಂದ ನಡ್ಕೊಂಡೇ ಬರಬೋದು, ಬನ್ನಿ' ಎಂದರು. ಬರುತ್ತೇನೆ ಎಂದೆ. ಹೋದೆನೋ ಇಲ್ಲವೋ? ಹೋದ ಹಾಗೆ ಒಂದು ಚಿತ್ರವಿದೆ, ಹಸಿರು ಬಾಗಿಲು, ಮೆಟ್ಟಿಲ ಮೇಲೆ ಅವರ ತಂಗಿ. ಆದರೆ ಆ ಬಾಗಿಲಿನ ಬಣ್ಣವನ್ನು ಅವರೇ ಒಮ್ಮೆ ನನಗೆ ಹೇಳಿದ್ದರು. ಹಾಗಾಗಿ ಹೋಗಿರಲಿಕ್ಕಿಲ್ಲ.

ನನ್ನ ಅಂದಾಜು ನಿಜವಾಯಿತೇ ಎಂದು ತಿಳಿಯುವ ದಾರಿಯೇ ಉಳಿಯಲಿಲ್ಲ. ವಸೂಲಿ ಈಗ ಬೇರೆಯವರದು. ಅದಕ್ಕೇ ಮೇ ತಿಂಗಳಲ್ಲಿ ಒಂದು ಸಂಜೆ, ಮಾಡಲು ಬೇರೇನೂ ಇಲ್ಲದೆ, ಗೂಡಿನ ಮಾರುಕಟ್ಟೆಯ ಹಿಂದಿನ ಓಣಿಗೆ ಹೋದೆ. ಆ ಮನೆಯ ಮೊಳೆ ಖಾಲಿಯಿತ್ತು. ಅಷ್ಟಕ್ಕೇ ನಂಬಲು ಮನಸ್ಸು ಬರಲಿಲ್ಲ. ಬಿಚ್ಚಿಕೊಂಡು ಹೋಗಿದ್ದರೂ ಮೊಳೆ ಖಾಲಿಯೇ ಇರುತ್ತದೆ. ನಿಂತು ಕಿವಿಗೊಟ್ಟೆ. ಒಳಗೆ ಟೀವಿಯಲ್ಲಿ ಯಾರೋ ಜೋರಾಗಿ ಅಳುತ್ತಿದ್ದರು.

ಹೆಂಗಸು ಹೊರಗೆ ಬಂದು ನನ್ನ ಗುರುತು ಹಿಡಿದರು. 'ಬಂದ್ರಾ? ಪರೀಕ್ಷೆ ಮುಗೀತಲ್ಲಪ್ಪ, ಹಾಕಿಸ್ಕೊಂಡ್ವಿ. ಈಗ ಅಪ್ಪ ಮಗಳು ಇಬ್ರೂ ಎದ್ದೇಳಲ್ಲ.' ಆಮೇಲೆ ದನಿ ತಗ್ಗಿಸಿ, 'ನಿಮ್ಮಕ್ಕ ಊರು ಬಿಟ್ರಂತೆ? ನಿಮ್ಮನ್ನ ಕರ್ಕೊಂಡು ಹೋಗಲಿಲ್ವಾ?' ಎಂದು ಕೇಳಿದರು.

ಅವರು ನನ್ನ ಒಡಹುಟ್ಟಿದವರಲ್ಲ ಎಂದು ಹೇಳಬಹುದಿತ್ತು.

'ಇಲ್ಲಮ್ಮ. ನನಗೆ ಚಿಂತಾಮಣೀಲಿ ಕೆಲಸ ಇದೆಯಲ್ಲ' ಎಂದೆ.