ಮರಾಠಿ ಫೋನಿನ ಮ್ಯಾಲ ಸಕ್ಕರಿ ಬ್ಯಾನಿ

ನಳದ ನೀರು ತುಂಬಿಟ್ಟೆ. ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬಂದೆ. ತೊಗರಿಬ್ಯಾಳಿ ಬಿಸಿಲಿಗೆ ಹರವಿದೆ. ಮಗಳ ಸೀರೆಗೆ ಫಾಲ್ ಹಚ್ಚಲು ಕೊಟ್ಟೆ. ಫ್ರಿಜ್ಜಿನಲ್ಲಿ ಇನ್ಸುಲಿನ್ ಎಷ್ಟು ಉಳಿದಿದೆ ಅಂತ ನೋಡಿದೆ. ಇಷ್ಟರ ನಡುವೆ ನಮ್ಮನಿಯವರ ಫೋನನ್ನು ಎಷ್ಟು ಸಲ ಕೈಗೆ ತಗೊಂಡೆನೋ, ಎಷ್ಟು ಸಲ ಕೆಳಗಿಟ್ಟೆನೋ ಲೆಕ್ಕವಿಲ್ಲ. ಅವತ್ತು ರವಿವಾರ. ಅವರು ಫೋನನ್ನು ಚಾರ್ಜಿಗೆ ಹಚ್ಚಿ ಕಟಿಂಗ್ ಮಾಡಿಸಿಕೊಳ್ಳಲು ಹೋಗಿದ್ದರು. ಮರುದಿನ ಔರಾದಕ್ಕೆ ಹೋಗುವವರಿದ್ದರು. ನನ್ನ ಜೀವ ಒಂದು ಕಡೆ ನಿಲ್ಲುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಅವರದು ಬೀಜ ಮಾರುವ ಕಂಪನಿಯ ಕೆಲಸ. ಬೀದರ, ಭಾಲ್ಕಿ, ಔರಾದ ಅಂತ ಅಂಗಡಿಯಿಂದ ಅಂಗಡಿಗೆ ತಿರುಗಾಟ. ಮುಂಜಾನೆ ಇನ್ಸುಲಿನ್ ಚುಚ್ಚಿಕೊಂಡು ಹೊರಟರೆ ಊಟದ ಹೊತ್ತು ಅವರ ಕೈಯಲ್ಲಿರುವುದಿಲ್ಲ. ಹಿಂದಿನ ವಾರ ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ಸಕ್ಕರೆ ಇಳಿದು ಕುಸಿದು ಕೂತಿದ್ದಾರೆ. ಮೈಯೆಲ್ಲ ಬೆವರು, ಮಾತು ತೊದಲು. ಜನ ಸುತ್ತ ನಿಂತು ನೋಡಿದರಂತೆ. ಯಾರೋ ಕಿಸೆಯಿಂದ ಫೋನ್ ತೆಗೆದರೆ ಅದಕ್ಕೆ ಲಾಕ್. ಕಡೆಗೆ ಗುರುತಿನ ಅಂಗಡಿಯವರೊಬ್ಬರು ಕಂಡು, ಸಕ್ಕರೆ ಹೆಚ್ಚು ಹಾಕಿಸಿ ಚಹಾ ಕುಡಿಸಿ, ಜತೆಗೆ ಕೂತು ಬಸ್ಸಿಗೆ ಹತ್ತಿಸಿದರು. ಆ ಮನುಷ್ಯ ಅವತ್ತು ಅಲ್ಲಿ ಇರದಿದ್ದರೆ?

ಲಾಕ್ ತೆಗೆಯದೆಯೇ ಬ್ಯಾನಿ ಏನು, ಯಾರಿಗೆ ಫೋನ್ ಹಚ್ಚಬೇಕು ಅನ್ನುವುದು ಕಾಣುವ ಹಾಗೆ ಮಾಡಬಹುದು ಅಂತ ದವಾಖಾನೆಯ ಸಿಸ್ಟರ್ ಹೇಳಿದ್ದರು. ಮಾಡಲು ಕೂತರೆ ಫೋನ್ ಪೂರಾ ಮರಾಠಿ. ಅವರು ಔರಾದ ಕಡೆಯವರು, ಕಲಿತದ್ದು ಮರಾಠಿ ಸಾಲಿಯಲ್ಲಿ. ನನ್ನ ಫೋನ್ ಕನ್ನಡ, ಅದೂ ಬೇರೆ ಕಂಪನಿಯದು. ಸಾಲಿಯಲ್ಲಿ ಹಿಂದಿ ಓದಿದ್ದರಿಂದ ನನಗೆ ಅಕ್ಷರ ಹತ್ತುತ್ತವೆ, ಅರ್ಥ ಹತ್ತುವುದಿಲ್ಲ.

"ಎರಡು ದಿವಸ ಕನ್ನಡ ಮಾಡಿಕೊಳ್ರಿ, ನಾ ಎಲ್ಲಾ ತುಂಬಿ ಕೊಡ್ತೇನಿ" ಅಂದೆ.

"ಆಮ್ಯಾಲ ತಿರುಗಿ ಮರಾಠಿ ಹ್ಯಾಂಗ ಮಾಡ್ತಿ? ನನ್ನ ಫೋನಿನಾಗ ನಾನಽ ಪರದೇಶಿ ಆಗಬೇಕೇನು?" ಅಂದರು.

ಹಾಗಾಗಿ ಶನಿವಾರ ಸಂಜೆ ಅವರು ಓದಿ ಹೇಳಿದರು, ನಾನು ಒತ್ತಿದೆ. ಸೆಟ್ಟಿಂಗ್‌ನೊಳಗೆ ಸುರಕ್ಷಿತತಾ, ಆಣೀಬಾಣಿ ಅಂತ ಒಂದು ಸಾಲು. ಆಣೀಬಾಣಿ ಅಂದರೆ ತುರ್ತು ಅಂತ. ಅದರೊಳಗೆ ರಕ್ತದ ಗುಂಪು, ಔಷಧ, ಯಾವುದು ಮೈಗೆ ಆಗುವುದಿಲ್ಲ ಅನ್ನುವ ಖಾನೆಗಳು. ಇನ್ಸುಲಿನ್ನಿನ ಹೆಸರನ್ನು ಡಬ್ಬಿ ಪಕ್ಕಕ್ಕಿಟ್ಟುಕೊಂಡು ಇಂಗ್ಲಿಷಿನಲ್ಲೇ ಅಕ್ಷರಕ್ಕೆ ಅಕ್ಷರ ತುಂಬಿದೆ. ಫೋನ್ ಹಚ್ಚಬೇಕಾದವರ ಜಾಗದಲ್ಲಿ ನನ್ನ ನಂಬರು. ಅದು ಅವರ ಫೋನಿನಲ್ಲಿ 'ಘರ್', ಅಂದರೆ ಮನೆ, ಅಂತ ಇದೆ. ಲಾಕ್ ಮಾಡಿ, ತೆರೆ ಮೇಲಕ್ಕೆ ಸರಿಸಿ, ಪಿನ್ ಕೇಳುವ ಕಡೆ ಕೆಳಗಿದ್ದ ಆಣೀಬಾಣಿ ಒತ್ತಿದೆ. ಎಲ್ಲ ಕಂಡಿತು. 'ಘರ್' ಒತ್ತಿದರೆ ಅಡುಗೆ ಮನೆಯಲ್ಲಿ ನನ್ನ ಫೋನ್ ಬಡಕೊಂಡಿತು. ಸಮಾಧಾನ ಆಯಿತು.

ರವಿವಾರ ಮತ್ತೊಮ್ಮೆ ನೋಡುತ್ತೇನೆ, ಏನೂ ಇಲ್ಲ! ಆಣೀಬಾಣಿ ಒತ್ತಿದರೆ ಬರೀ ನಂಬರ್ ಒತ್ತುವ ಜಾಗ ಬರುತ್ತದೆ, ಒಳಗಿನ ಮಾಹಿತಿ ಬರುವುದಿಲ್ಲ. ನಾನೇ ತಿಳಿಯದೆ ಏನೋ ಅಳಿಸಿದೆ ಅಂದುಕೊಂಡೆ. ಪಿನ್ ನನಗೆ ಗೊತ್ತಿತ್ತು. ತೆರೆದು ನಿನ್ನೆಯ ದಾರಿ ಹಿಡಿದು ಹೋದರೆ ಬರೆದದ್ದೆಲ್ಲ ಇಟ್ಟಲ್ಲೇ ಇದೆ. ಒಳಗೆ ಇದೆ, ಹೊರಗೆ ಇಲ್ಲ. ಫೋನ್ ಬಂದ್ ಮಾಡಿ ಚಾಲೂ ಮಾಡಿದೆ. ಹಾಗೇ ಇತ್ತು.

ಬಾಜೂ ಮನೆಯ ಭಾಭಿ ಸಾಲಿಯಲ್ಲಿ ಹಿಂದಿ ಕಲಿಸುತ್ತಾರೆ. ಫೋನ್ ತಗೊಂಡು ಓಡಿದೆ. ಅವರು ಮೆಂತ್ಯೆ ಸೋಸುತ್ತಿದ್ದವರು ಕೈ ಒರೆಸಿಕೊಂಡರು.

"ಅರೇ ಆಪಾ, ಮರಾಠಿ ಹಿಂದಿ ಅಂದ್ರ ಅಕ್ಕ ತಂಗಿ ಇದ್ದಂಗ ಐತ್ರಿ. ಮಾರಿ ಒಂದಽ, ಮಾತು ಬ್ಯಾರೆ."

"ನಗಬ್ಯಾಡ್ರಿ ಭಾಭಿ, ನನ್ನ ಜೀವ ಬಾಯಿಗೆ ಬಂದದ."

ಒಂದೊಂದೇ ಸಾಲು ಬೆರಳಿಟ್ಟು ಓದಿದರು. ಒಂದು ಕಡೆ ನಿಂತರು. "ಇದು ನೋಡ್ರಿ. ಲಾಕ್ ಇದ್ದಾಗ ತೋರಿಸು ಅಂತ ಅದ. ಇದರ ಬಟನ್ ಬಂದ್ ಐತಿ. ಬಣ್ಣಾನಽ ಇಲ್ಲ."

"ನಿನ್ನೆ ನೀಲಿ ಇತ್ರಿ!"

"ಹಂಗಾದ್ರ ಯಾರೋ ಒತ್ಯಾರ. ತಾನಽ ಬಂದ್ ಆಗಂಗಿಲ್ಲ."

ಬಟನ್ ಮುಟ್ಟದೆ ಮನೆಗೆ ಬಂದೆ. ನಾನು ಚಾಲೂ ಮಾಡಿದರೂ ಬಂದ್ ಮಾಡಿದವರು ಮತ್ತೆ ಬಂದ್ ಮಾಡುತ್ತಿದ್ದರು; ಅದು ಯಾರು ಅಂತ ಮೊದಲು ಕೇಳಬೇಕಿತ್ತು.

ಅವರು ಕಟಿಂಗ್ ಮುಗಿಸಿ ಬಂದು ಜಳಕ ಮಾಡುವ ತನಕ ತಡೆದೆ. ಆಮೇಲೆ ಫೋನ್ ಮುಂದಿಟ್ಟು, "ಇದನ್ನ ಬಂದ್ ಯಾರು ಮಾಡ್ಯಾರ?" ಅಂದೆ.

"ನೀನಽ ಒತ್ತಿರಬೇಕು. ಬಾರದ ಭಾಷಾದಾಗ ಕೈ ಆಡಸ್ತಿ."

"ನನಗ ಭಾಷಾ ಬರಂಗಿಲ್ಲ ಖರೆ. ಬಣ್ಣ ಕಾಣ್ತದರಿ."

ಟವೆಲ್ಲಿನಿಂದ ಕಿವಿ ಒರೆಸಿಕೊಂಡರು. ಒರೆಸುವಷ್ಟು ನೀರೇನೂ ಅಲ್ಲಿರಲಿಲ್ಲ. "ನಾಳೆ ಔರಾದಾಗ ಅವರ ಮನಿಗಿ ಹೋಗಬೇಕು" ಅಂದರು ಕಡೆಗೆ.

ಅವರ ಮನೆ ಅಂದರೆ ನಮ್ಮ ಮಗಳನ್ನು ಕೇಳಿದ ಮನೆ. ಮಾತು ಅರ್ಧಕ್ಕೆ ಬಂದಿತ್ತು.

"ಅಲ್ಲಿ ಕೂತಾಗ ಫೋನ್ ಬಾಜೂಕ ಇಟ್ಟಿರ್ತೀನಿ. ಅವರ ಮನಿ ಹುಡುಗರು ಎತ್ತಿ ಒತ್ತತಾವ. ಅಪ್ಪಗ ಸಕ್ಕರಿ, ದಿನಾ ಸೂಜಿ ಅಂತ ಹೊರಗಽ ಬಂದ್ರ? ಬೀಗರು ನಾಳೆ ಹುಡುಗಿಗೂ ಬರ್ತದ ಅಂತಾರ. ಮಾತು ಮುರೀತದ."

ಈ ಕಡೆ ಹಾಗೇ. ಬ್ಯಾನಿ ಮನೆಯೊಳಗೆ ಉಣ್ಣುತ್ತದೆ, ಮಲಗುತ್ತದೆ, ಮದುವೆ ಮಾತಿನ ಹೊತ್ತಿಗೆ ಅಟ್ಟ ಹತ್ತಿ ಅಡಗುತ್ತದೆ. ಅವರ ಅಂಜಿಕೆ ಸುಳ್ಳಲ್ಲ ಅಂತ ನನಗೂ ಗೊತ್ತಿತ್ತು. ಅದಕ್ಕೇ ಸಿಟ್ಟು ಬಂದರೂ ಕೂಗಲಿಲ್ಲ.

"ಭಾಲ್ಕ್ಯಾಗ ಸುತ್ತ ನಿಂತ ಮಂದಿ ಏನಂದ್ರು? ಅಂಗಡಿಯವರು ನನಗೂ ಹೇಳ್ಯಾರ."

ಅವರು ಟವೆಲ್ ಮಡಚತೊಡಗಿದರು.

"'ಮುಂಜಾನೇನಽ ಹಾಕ್ಯಾನ' ಅಂದ್ರಂತ. ಜೀವಮಾನದಾಗ ಒಂದು ಹನಿ ಮುಟ್ಟದವರು ನೀವು. ನಾಳೆ ಔರಾದಾಗ ಬಿದ್ರ, ಬೀಗರ ಊರಾಗ ಬಿದ್ರ, ಕುಡುಕ ಅಂತಾರ. ಸಕ್ಕರಿ ಅಂದ್ರ ಮಾತು ಮುರೀತದ, ಕುಡುಕ ಅಂದ್ರ ಜೋಡಾಗ್ತದೇನು? ಆ ಮಾತು ಹೋಗ್ಲಿ. ಚಹಾ ಕುಡಸವ್ರು ದಿನಾ ಸಿಗಂಗಿಲ್ರಿ."

ಒಳಗಿನಿಂದ ಮಗಳು ಎಲ್ಲ ಕೇಳಿಸಿಕೊಂಡಿದ್ದಳೇನೋ. "ಅಪ್ಪಾ, ಸಕ್ಕರಿಗಿ ಅಂಜೋ ಮನಿ ನನಗ ಬ್ಯಾಡ" ಅಂದಳು, ಹೊರಗೆ ಬರದೆ.

"ನೀ ಸುಮ್ಮ ಕೂಡು" ಅಂದರು. ಆದರೆ ಫೋನ್ ಎತ್ತಿಕೊಂಡರು. ಬಟನ್ ಒತ್ತಿದರು, ನೀಲಿ ಬಂತು. ಆಮೇಲೂ ಕೆಳಗಿಡದೆ ಬಹಳ ಹೊತ್ತು ಒಂದೇ ಬೆರಳಿನಿಂದ ಏನೋ ಬರೆದರು. "ನೀ ಇಂಗ್ಲಿಷಿನಾಗ ಬರದೀದಿ. ಅದು ಡಾಕ್ಟರಿಗಾಯ್ತು. ಔರಾದ ಸ್ಟ್ಯಾಂಡಿನ್ಯಾಗ ಯಾರು ಓದಬೇಕು?" ಅಂದು, ಮರಾಠಿಯಲ್ಲಿ ತಾವು ಬರೆದದ್ದನ್ನು ಓದಿ, ಅರ್ಥ ಹೇಳಿದರು: ನನಗೆ ಸಕ್ಕರೆ ಇದೆ, ಕುಡಿದಿಲ್ಲ. ಎಚ್ಚರ ಇದ್ದರೆ ಸಕ್ಕರೆ ನೀರು ಕೊಡಿ. ಎಚ್ಚರ ಇರದಿದ್ದರೆ ಬಾಯಿಗೆ ಏನೂ ಹಾಕಬೇಡಿ, ದವಾಖಾನೆಗೆ ಒಯ್ಯಿರಿ.

ಲಾಕ್ ಮಾಡಿ ನನ್ನ ಕೈಗೆ ಕೊಟ್ಟರು. ಸರಿಸಿದೆ, ಒತ್ತಿದೆ. ಅವರ ಮರಾಠಿ ಸಾಲು, ನನ್ನ ಇಂಗ್ಲಿಷ್ ಸಾಲು ಒಂದರ ಕೆಳಗೊಂದು ಬಂದವು. ಬೀಗರ ಮನೆಯ ಹುಡುಗರು ಒತ್ತುತ್ತಾರೋ ಇಲ್ಲವೋ ಅನ್ನುವುದು ಮಾತ್ರ ಇಬ್ಬರ ತಲೆಯಿಂದಲೂ ಹೋಗಲಿಲ್ಲ. ಹೋಗುವಾಗ ಹಾಕಿಕೊಳ್ಳುವ ಅಂಗಿಗೆ ಇಸ್ತ್ರಿ ಮಾಡುತ್ತ ನಾನು ಅದನ್ನೇ ಯೋಚಿಸಿದೆ. ಅವರೂ ಎರಡು ಸಲ ಫೋನ್ ಎತ್ತಿ ನೋಡಿದರು. ಬಟನ್ ಮಾತ್ರ ನೀಲಿಯೇ ಇತ್ತು.

ಜೋಳದ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ ಉಂಡೆವು. ಮಗಳು ಮೊದಲು ಮಲಗಿದಳು. ಆಮೇಲೆ ಅವರು. ನಾನು ಕಡೆಗೆ.